100 ಪೌಂಡ್ ಬೋನಸ್, 3,500 ಪೌಂಡ್ ಆಟ

‘ನೀವು 100 ಪೌಂಡ್ ಕಟ್ಟಿ, ನಾವೂ 100 ಸೇರಿಸುತ್ತೇವೆ.’ ಬ್ರಿಟನ್ನಿನ ಆನ್‌ಲೈನ್ ಕ್ಯಾಸಿನೊಗಳು ಹೊಸಬರನ್ನು ಕರೆಯುತ್ತಿದ್ದುದು ಬಹುಮಟ್ಟಿಗೆ ಇಂಥ ಮಾತಿನಿಂದಲೇ. ಖಾತೆ ತೆರೆದರೆ ಪರದೆಯ ಮೇಲೆ 200 ಪೌಂಡ್ ಕಾಣುತ್ತದೆ. ಆದರೆ ಅದರಲ್ಲಿ ಅರ್ಧ ಇನ್ನೂ ನಿಮ್ಮದಲ್ಲ. ಷರತ್ತುಗಳ ನಡುವೆ ಎಲ್ಲೋ ‘ವೇಜರಿಂಗ್ 35 ಪಟ್ಟು’ ಎಂದು ಬರೆದಿರುತ್ತದೆ. ಬೋನಸ್ ಕೈಗೆ ಬರುವ ಮುನ್ನ ಅದರ 35 ಪಟ್ಟು ಮೊತ್ತವನ್ನು ಪಣಕ್ಕೆ ಇಟ್ಟು ಆಡಿರಬೇಕು ಎಂದು ಇದರ ಅರ್ಥ.

ಲೆಕ್ಕ ಸುಲಭ: 100ನ್ನು 35ರಿಂದ ಗುಣಿಸಿದರೆ 3,500 ಪೌಂಡ್. ಇರುವುದೇ 200, ಇನ್ನು 3,500 ಎಲ್ಲಿಂದ ತರುವುದು? ತರಬೇಕಿಲ್ಲ. ಇಲ್ಲಿ ಎಣಿಸುವುದು ಕಳೆದ ಹಣವನ್ನಲ್ಲ, ಪಣಕ್ಕಿಟ್ಟ ಹಣವನ್ನು. 1 ಪೌಂಡ್ ಇಟ್ಟು ಅದನ್ನೇ ಗೆದ್ದು, ಮತ್ತೆ ಇಟ್ಟರೆ ಜೇಬಿನಿಂದ ಏನೂ ಹೋಗಿರುವುದಿಲ್ಲ. ಷರತ್ತಿನ ಲೆಕ್ಕದಲ್ಲಿ ಮಾತ್ರ 2 ಪೌಂಡ್ ಆಟ ಆಗಿರುತ್ತದೆ. ಸ್ಲಾಟ್ ಆಟದಲ್ಲಿ ಸ್ಪಿನ್‌ಗೆ 1 ಪೌಂಡಿನಂತೆ ಹಾಕಿದರೆ 3,500 ಸ್ಪಿನ್ ಆಗಬೇಕು. ಅಲ್ಲಿನ ನಿಯಮದಂತೆ ಆನ್‌ಲೈನ್ ಸ್ಲಾಟಿನ ಒಂದು ಸ್ಪಿನ್‌ಗೆ ಕನಿಷ್ಠ ಎರಡೂವರೆ ಸೆಕೆಂಡ್ ಹಿಡಿಯುತ್ತದೆ. ಬೆರಳು ಎತ್ತದೆ ಒತ್ತುತ್ತಾ ಕೂತರೂ ಎರಡು ಗಂಟೆ ಇಪ್ಪತ್ತೈದು ನಿಮಿಷದ ಕೆಲಸ.

ಈ ಓಟದ ಖರ್ಚು ಎಷ್ಟು? ಪಣಕ್ಕೆ ಬಂದ ಹಣದಲ್ಲಿ ಶೇ 96ರಷ್ಟು ಆಟಗಾರರಿಗೆ ಮರಳುವ ಸ್ಲಾಟನ್ನೇ ತೆಗೆದುಕೊಳ್ಳಿ. ಉಳಿದ ಶೇ 4 ಕ್ಯಾಸಿನೊದ ಪಾಲು. 3,500 ಪೌಂಡಿಗೆ ಶೇ 4 ಎಂದರೆ 140 ಪೌಂಡ್. ಮೊದಲ ಸ್ಪಿನ್‌ನಿಂದಲೇ ಷರತ್ತಿನ ಎಣಿಕೆ ಶುರುವಾಗುತ್ತದೆ ಎಂದಿಟ್ಟುಕೊಂಡರೆ, 200 ಪೌಂಡಿನಿಂದ ಹೊರಟವರ ಬಳಿ ಕೊನೆಗೆ ಸರಾಸರಿ 60 ಪೌಂಡ್ ಇರುತ್ತದೆ. ಬೋನಸ್ಸೂ ಹೋಯಿತು, ಸ್ವಂತದ 40 ಪೌಂಡೂ ಹೋಯಿತು. ಇದು ಸರಾಸರಿ ಅಷ್ಟೇ. ನಿಜದಲ್ಲಿ ಅನೇಕರ ಖಾತೆ ದಾರಿಯಲ್ಲೇ ಸೊನ್ನೆಗೆ ಬರುತ್ತದೆ, ಕೆಲವರು ಮಾತ್ರ ನೂರಾರು ಪೌಂಡ್ ಉಳಿಸಿಕೊಂಡು ದಾಟುತ್ತಾರೆ. ಕಥೆ ಹೇಳಲು ಸಿಗುವವರು ಆ ಕೆಲವರೇ.

ಇಂಥ ಸ್ಲಾಟಿನಲ್ಲಿ 25 ಪಟ್ಟು ಎನ್ನುವುದು ಗಡಿರೇಖೆ. 100 ಪೌಂಡ್ ಬೋನಸ್ಸಿಗೆ 2,500 ಪೌಂಡ್ ಆಡಿದರೆ ಶೇ 4ರಂತೆ ಸರಿಯಾಗಿ 100 ಪೌಂಡ್ ಸೋರಿಹೋಗುತ್ತದೆ. ಅಲ್ಲಿಂದ ಮೇಲೆ ಏರಿದಷ್ಟೂ ಬೋನಸ್ ಕೊಟ್ಟವರಿಗೇ ಲಾಭ.

ಷರತ್ತಿನಲ್ಲಿ ಮೊದಲು ಹುಡುಕಬೇಕಾದದ್ದು 35 ಎಂಬ ಅಂಕಿಯನ್ನಲ್ಲ, ಅದು ಯಾವುದರ 35 ಪಟ್ಟು ಎಂಬುದನ್ನು. ‘ಠೇವಣಿ ಮತ್ತು ಬೋನಸ್’ ಎಂದಿದ್ದರೆ ಗುಣಿಸಬೇಕಾದದ್ದು 200ನ್ನು, ಅಂದರೆ 7,000 ಪೌಂಡ್ ಆಟ. ಸರಾಸರಿ ಲೆಕ್ಕದಲ್ಲಿ 5,000 ಮುಟ್ಟುವ ಹೊತ್ತಿಗೇ ಖಾತೆಯ 200 ಪೂರ್ತಿ ಕರಗಿರುತ್ತದೆ. ಇನ್ನೊಂದು, ಯಾವ ಆಟ ಎಷ್ಟು ಲೆಕ್ಕಕ್ಕೆ ಬರುತ್ತದೆ ಎಂಬ ಸಾಲು. ಕ್ಯಾಸಿನೊದ ಪಾಲು ಕಡಿಮೆ ಇರುವ ರೂಲೆಟ್, ಬ್ಲಾಕ್‌ಜಾಕ್‌ಗಳಿಗೆ ಶೇ 10 ಎಂದು ಬರೆದಿದ್ದರೆ, ಅಲ್ಲಿ 10 ಪೌಂಡ್ ಆಡಿದರೂ ಎಣಿಕೆಗೆ ಸೇರುವುದು 1 ಪೌಂಡ್. 3,500ರ ಷರತ್ತು ತೀರಬೇಕಾದರೆ 35,000 ಪೌಂಡ್ ಆಡಬೇಕು. ಜಾಣತನದಿಂದ ಆಟ ಆರಿಸಿಕೊಂಡೆವು ಎಂದುಕೊಂಡವರು ಸಿಕ್ಕಿಬೀಳುವುದು ಇಲ್ಲೇ.

ಷರತ್ತು ಮುಗಿಸದೆ ಹಣ ತೆಗೆದರೆ ಸಾಮಾನ್ಯವಾಗಿ ಬೋನಸ್ ರದ್ದಾಗುತ್ತದೆ, ಅದರಿಂದ ಬಂದ ಗೆಲುವೂ ಹೋಗುತ್ತದೆ. ಸ್ವಂತ ಠೇವಣಿಯನ್ನೇ ಕಟ್ಟಿಹಾಕುವ ಪದ್ಧತಿಯ ವಿರುದ್ಧ ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ 2018ರಲ್ಲೇ ಕ್ರಮ ಕೈಗೊಂಡು ಕೆಲವು ದೊಡ್ಡ ಕಂಪನಿಗಳಿಂದ ಬದಲಾವಣೆಯ ಭರವಸೆ ಪಡೆಯಿತು. ಮುಂದೆ ಅಲ್ಲಿನ ಜೂಜು ಆಯೋಗ ಪಟ್ಟಿಗೇ ಮಿತಿ ಹಾಕಿತು. 2026ರ ಜನವರಿ 19ರಿಂದ ಪರವಾನಗಿ ಪಡೆದವರು ಬೋನಸ್ಸಿನ 10 ಪಟ್ಟಿಗಿಂತ ಹೆಚ್ಚು ಆಡಿಸುವಂತಿಲ್ಲ. ನಮ್ಮ ಉದಾಹರಣೆಯಲ್ಲಿ ಅದು 1,000 ಪೌಂಡ್ ಆಟ, ಸರಾಸರಿ ನಷ್ಟ 40. ಕಾಗದದ ಮೇಲಾದರೂ ಬೋನಸ್ಸಿನಲ್ಲಿ 60 ಪೌಂಡ್ ಉಳಿಯುತ್ತದೆ. ಹಾಗಾಗಿ ಕಂಪನಿಗಳು ಬೋನಸ್ಸನ್ನೇ ಚಿಕ್ಕದು ಮಾಡಿದರೆ ನನಗಂತೂ ಆಶ್ಚರ್ಯವಿಲ್ಲ.

ಪರವಾನಗಿಯಿಲ್ಲದ ತಾಣಗಳಿಗೆ ಈ ಮಿತಿಯ ಹಂಗಿಲ್ಲ. ಭಾರತದಲ್ಲಿ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿದೆ. ಆದ್ದರಿಂದ ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ ಫೋನಿಗೆ ಬರುವ ‘ವೆಲ್‌ಕಮ್ ಬೋನಸ್’ ಸಂದೇಶದ ಹಿಂದೆ ಹೆಚ್ಚಾಗಿ ಇರುವುದು ಹೊರದೇಶದ ಯಾವುದೋ ತಾಣ. ಅಲ್ಲಿ ಪಟ್ಟು ಎಷ್ಟೆಂದು ನಿರ್ಧರಿಸುವವರು ಅವರೇ, ಷರತ್ತು ಪೂರೈಸಿತೋ ಇಲ್ಲವೋ ಎಂದು ಹೇಳುವವರೂ ಅವರೇ.