ಉಪ್ಪಿನಕಾಯಿ ಲೇಬಲ್ಲಿಗೆ ಇಪ್ಪತ್ತು ತಾಸು

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಮಹಡಿಯ ಮೇಲೊಂದು ಬಾಡಿಗೆ ಕೋಣೆ. ಕಿಟಕಿಗೆ ಬೆನ್ನು ಹಾಕಿದ ಮೇಜು, ಅದರ ಮೇಲೆ ಕಂಪ್ಯೂಟರು, ಪಕ್ಕದಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ಖಾಲಿ ಬಾಟಲಿ. ಬಾಟಲಿಗೆ ಸುತ್ತಿದ ಬಿಳಿ ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಅಳತೆ ಗುರುತು ಹಾಕಿದೆ. ಗ್ರಾಫಿಕ್ ಡಿಸೈನರ್ ಆಗಿರುವ ಹುಡುಗಿ ಬೆಳಿಗ್ಗೆ ಹತ್ತಕ್ಕೇ ಕೂತಿದ್ದಾಳೆ. ಆದರೆ ಇನ್ನೂ ಒಂದು ಗೆರೆಯನ್ನೂ ಎಳೆದಿಲ್ಲ. ಒಬ್ಬರಿಗೆ ಅಂದಾಜು ದರ ಬರೆದಳು, ಇನ್ನೊಬ್ಬರಿಗೆ ಹಳೆಯ ಬಿಲ್ಲನ್ನು ಮತ್ತೆ ಕಳಿಸಿದಳು. ಮೂರನೆಯವರು ‘ಸ್ಯಾಂಪಲ್ಲಿಗೆ ಒಂದು ಮಾಡಿ ತೋರಿಸ್ರಿ, ಆಮೇಲೆ ನೋಡೂಣು’ ಅಂದದ್ದಕ್ಕೆ ನಯವಾಗಿ ಆಗುವುದಿಲ್ಲ ಎಂದಳು. ಇವಕ್ಕೆಲ್ಲ ಯಾರೂ ದುಡ್ಡು ಕೊಡುವುದಿಲ್ಲ.

ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೆಳಗಿನ ಮನೆಯ ಹುಡುಗ ಕೂತಿದ್ದಾನೆ. ಡಿಗ್ರಿಯ ಕೊನೆಯ ವರ್ಷ. ಕೆಲಸಕ್ಕೆ ಅರ್ಜಿ ಹಾಕುವುದೋ, ಹೀಗೇ ಸ್ವಂತ ದುಡಿಯುವುದೋ ಎಂಬ ತೂಗಾಟ ಅವನದು. ಈ ಲೇಬಲ್ಲಿಗೆ ಎಂಟು ಸಾವಿರ ಎಂದು ಕೇಳಿ ಅವನ ಕಣ್ಣರಳಿತು. ‘ಎಷ್ಟು ತಾಸಿನ ಕೆಲಸ ಅಕ್ಕಾ?’

‘ಚಿತ್ರ ಮಾಡೂದು ಆರು ತಾಸು,’ ಎಂದು ಆಕೆ ಡೈರಿ ಅವನತ್ತ ನೂಕಿದಳು.

ಡೈರಿಯಲ್ಲಿ ಆರು ತಾಸಿನ ಆಚೀಚೆಯದೂ ಇದೆ. ಮಾತುಕತೆ, ಅಂದಾಜು ದರ, ಮುಂಗಡ ಬರುವ ತನಕದ ಫೋನು: ಮೂರು ತಾಸು. ತಿದ್ದುಪಡಿ ಮತ್ತೆ ಆರು. ಪ್ರೆಸ್ಸಿಗೆ ಹೋಗಿ ಬಂದದ್ದು ಮೂರು. ಬಿಲ್ಲು, ಬಾಕಿ ವಸೂಲಿ ಎರಡು. ಒಟ್ಟು ಇಪ್ಪತ್ತು. ಹುಡುಗ ಮನಸ್ಸಿನಲ್ಲೇ ಭಾಗಿಸಿದ: ತಾಸಿಗೆ ನಾನೂರು. ಅದರಲ್ಲೇ ಸಾಫ್ಟ್‌ವೇರ್ ಚಂದಾ, ಇಂಟರ್ನೆಟ್, ಕೋಣೆಯ ಬಾಡಿಗೆ ಹೋಗಬೇಕು.

ತಿದ್ದುಪಡಿಗೆ ಆರು ತಾಸು ಯಾಕೆಂದರೆ, ಗಿರಾಕಿ ಪಠ್ಯ ಕಳಿಸಿದ್ದು ಹಳೆಯ ನುಡಿ ಫಾಂಟಿನಲ್ಲಿ. ಯೂನಿಕೋಡಿಗೆ ಬದಲಿಸಿದಾಗ ಕೆಲವು ಒತ್ತಕ್ಷರ ಕೆಟ್ಟವು. ಒಂದೊಂದನ್ನೂ ಕಣ್ಣಿಟ್ಟು ಸರಿಮಾಡಬೇಕಾಯಿತು. ಆಮೇಲೆ ‘ಮೇಡಂ, ಹೆಸರು ಇನ್ನಾ ಸ್ವಲ್ಪ ದೊಡ್ಡದ ಮಾಡ್ರಿ’ ಎಂದು ಫೋನು. ದೊಡ್ಡದಾಯಿತು. ಮರುದಿನ ಅವರ ಅಳಿಯನಿಗೆ ಹಸಿರು ಬಣ್ಣ ಹಿಡಿಸಲಿಲ್ಲ. ಅಳಿಯಂದಿರು ಎಲ್ಲಿಂದ ಬರುತ್ತಾರೋ, ಪ್ರತಿ ಕೆಲಸಕ್ಕೂ ಒಬ್ಬರು ಇದ್ದೇ ಇರುತ್ತಾರೆ.

ಈ ಗದ್ದಲದಲ್ಲಿ ಆಕೆ ಒಂದು ಸಂಗತಿ ಹಿಡಿದಳು. ಆಹಾರದ ಪ್ಯಾಕೆಟ್ಟಿನ ಮೇಲೆ ಎಫ್‌ಎಸ್‌ಎಸ್‌ಎಐ ಸಂಖ್ಯೆ 14 ಅಂಕೆಯದಿರಬೇಕು. ಗಿರಾಕಿ ವಾಟ್ಸ್ಆ್ಯಪಿನಲ್ಲಿ ಕಳಿಸಿದ್ದರಲ್ಲಿ 13 ಇದ್ದವು. ಹಾಗೇ ಅಚ್ಚಾಗಿದ್ದರೆ ಎರಡು ಸಾವಿರ ಸ್ಟಿಕ್ಕರು ಕಸದಬುಟ್ಟಿಗೆ. ಖರ್ಚು ಯಾರ ತಲೆಗೆ ಎಂಬ ಜಗಳವೂ ಅಲ್ಲೇ ಹುಟ್ಟುತ್ತಿತ್ತು. ಅದಕ್ಕೇ ಕೊನೆಯ ಪುಟ ತೋರಿಸಿ, ‘ಎಲ್ಲಾ ಓದೇನಿ, ಪ್ರಿಂಟಿಗೆ ಕೊಡ್ರಿ’ ಎಂದು ಬರಹದಲ್ಲಿ ಬಂದ ಮೇಲೆಯೇ ಆಕೆ ಫೈಲು ಬಿಡುವುದು. ಫೋನಿನಲ್ಲಿ ಹೇಳಿದ ಒಪ್ಪಿಗೆಗೆ ನಾಳೆ ಸಾಕ್ಷಿ ಇರುವುದಿಲ್ಲ.

ಪ್ರೆಸ್ಸಿಗೆ ಹೋದದ್ದು ಕೆಂಪು ಬಣ್ಣಕ್ಕಾಗಿ. ಮೊಬೈಲಿನ ಪರದೆ ಬೆಳಕಿನಿಂದ ಬಣ್ಣ ಕಟ್ಟುತ್ತದೆ, ಅಚ್ಚಿನ ಯಂತ್ರ ನಾಲ್ಕು ಶಾಯಿಯಿಂದ. ಪರದೆಯ ಮೇಲೆ ಉರಿಯುವ ಕೆಂಪು ಕಾಗದದ ಮೇಲೆ ಮಂಕಾಗುವುದುಂಟು. ಗಿರಾಕಿಗೆ ಇದನ್ನು ಬಾಯಲ್ಲಿ ವಿವರಿಸುವ ಬದಲು ಒಂದು ಮಾದರಿ ಅಚ್ಚು ತೆಗೆಸಿ ಕೈಗೆ ಕೊಡುವುದು ಸುಲಭ.

ಮಧ್ಯಾಹ್ನದ ನಂತರ ಹಣದ ಮಾತು. ಬೆಂಗಳೂರಿನ ಒಂದು ಏಜೆನ್ಸಿಗೆ ಅರವತ್ತು ಸಾವಿರದ ಬಿಲ್ಲು ಕಳಿಸಿದ್ದಾಳೆ. ಹತ್ತು ಪ್ರತಿಶತ ಟಿಡಿಎಸ್ ಮುರಿದುಕೊಂಡು ಐವತ್ನಾಲ್ಕು ಸಾವಿರ ಕೊಡುತ್ತಾರೆ. ಉಳಿದ ಆರು ಸಾವಿರ ಆಕೆಯ ಪ್ಯಾನ್ ಹೆಸರಿಗೆ ಸರ್ಕಾರಕ್ಕೆ ಹೋಗುತ್ತದೆ. ವರ್ಷದ ತೆರಿಗೆ ಅಷ್ಟಾಗದಿದ್ದರೆ, ರಿಟರ್ನ್ ಸಲ್ಲಿಸಿದ ಮೇಲೆ ವಾಪಸು ಬರುತ್ತದೆ. ಅಂದರೆ ಆ ದುಡ್ಡು ತಿಂಗಳುಗಟ್ಟಲೆ ಕೈಗಿಲ್ಲ.

ಆದರೆ ಆ ಐವತ್ನಾಲ್ಕೂ ಬಂದಿಲ್ಲ. ‘ಕಾನೂನು ಇಲ್ಲೇನ ಅಕ್ಕಾ?’ ಎಂದ ಹುಡುಗ. ಇದೆ. ಉದ್ಯಮ್ ನೋಂದಣಿ ಮಾಡಿಸಿದ ಸಣ್ಣ ಉದ್ಯಮಕ್ಕೆ ಒಪ್ಪಂದವಿದ್ದರೂ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕು ಎಂದು 2006ರ ಕಾಯ್ದೆ ಹೇಳುತ್ತದೆ. ಆಕೆ ನೋಂದಣಿ ಮಾಡಿಸಿದ್ದಾಳೆ. ಆದರೆ ದೂರು ಕೊಟ್ಟರೆ ಆ ಗಿರಾಕಿ ಮತ್ತೆ ಕೆಲಸ ಕೊಡುವನೇ? ಹಾಗಾಗಿ ಬಿಲ್ಲಿನ ಕೆಳಗೆ ನೋಂದಣಿ ಸಂಖ್ಯೆ ಹಾಕಿ, ಪ್ರತಿ ಸೋಮವಾರ ಮೃದುವಾಗಿ ನೆನಪಿಸುತ್ತಾಳೆ. ಈ ನಡುವೆ ಬಾಡಿಗೆಗೆ ಕೈಹಿಡಿದದ್ದು ಲೇಬಲ್ಲಿನ ಮುಂಗಡ ನಾಲ್ಕು ಸಾವಿರ ಮತ್ತು ಈ ದಂಧೆಗೆ ಇಳಿಯುವ ಮುನ್ನ ನೌಕರಿಯಲ್ಲಿ ಕೂಡಿಟ್ಟ ಆರು ತಿಂಗಳ ಖರ್ಚಿನ ಗಂಟು.

ಹುಡುಗ ಡೈರಿಯ ಹಾಳೆ ತಿರುವಿದ. ವಾರದ ಎರಡು ದಿನ ಪೂರ್ತಿ ಖಾಲಿ. ಅವತ್ತು ರಜೆ ಇತ್ತೇ ಎಂದ. ಇಲ್ಲ, ಕೆಲಸ ಇರಲಿಲ್ಲ; ಹಳೆಯ ಗಿರಾಕಿಗಳಿಗೆ ಫೋನು ಹಚ್ಚಿದ್ದಳು.

ಸಂಜೆ ಉಪ್ಪಿನಕಾಯಿಯವರ ಫೋನು ಮತ್ತೆ ಬಂತು. ಶೇಂಗಾ ಚಟ್ನಿಪುಡಿಗೂ ಲೇಬಲ್ ಬೇಕಂತೆ. ಆಕೆ ಹಳೆಯ ಅಂದಾಜು ತೆರೆದು ದರವನ್ನು ಹಾಗೇ ಬಿಟ್ಟಳು, ಕೆಳಗೆ ಎರಡು ಸಾಲು ಸೇರಿಸಿದಳು: ಪಠ್ಯ ಪೂರ್ತಿ ಕೈಸೇರಿದ ಮೇಲೆ ಕೆಲಸ ಶುರು, ಎರಡು ತಿದ್ದುಪಡಿ ಉಚಿತ, ಮೂರನೆಯದರಿಂದ ತಲಾ ಐನೂರು.

‘ಒಪ್ಪತಾರೇನ್ ಅಕ್ಕಾ?’

‘ಅಳಿಯನ್ನ ಕೇಳಿ ಹೇಳತಾರಂತ.’