ಬ್ಲರ್ ಮಾಡಿದರೆ ಅಂಕಿ ಅಳಿಯುವುದಿಲ್ಲ

ಪ್ರಶ್ನೆ: ಕಾಫಿ ಮಾರಿದ ಹಣ ಜಮೆಯಾದ ಸ್ಕ್ರೀನ್‌ಶಾಟನ್ನು ಬೆಳೆಗಾರರ ವಾಟ್ಸ್ಆ್ಯಪ್ ಗುಂಪಿಗೆ ಹಾಕುವಾಗ ಖಾತೆ ಸಂಖ್ಯೆಯನ್ನು ಬ್ಲರ್ ಮಾಡಿದರೆ ಸಾಕೇ?
– ಓದುಗರೊಬ್ಬರು, ಕಳಸ

ಉತ್ತರ: ಸಾಲದು. ಬ್ಲರ್ ಅಂಕಿಯನ್ನು ಅಳಿಸುವುದಿಲ್ಲ, ಅದರ ಕಪ್ಪನ್ನು ಅಕ್ಕಪಕ್ಕಕ್ಕೆ ಹರಡುತ್ತದೆ ಅಷ್ಟೆ. 3 ಮತ್ತು 8 ಎರಡೂ ಮಸುಕಾದರೂ 8ರ ಎಡಬದಿ ತುಸು ಗಾಢವಾಗಿಯೇ ಉಳಿಯುತ್ತದೆ. ಒಂದು ಸ್ಥಾನದಲ್ಲಿ ಇರಬಹುದಾದದ್ದು ಹತ್ತೇ ಅಂಕಿ. ಅದೇ ಅಕ್ಷರಶೈಲಿಯಲ್ಲಿ ಹತ್ತನ್ನೂ ಬರೆದು, ಬ್ಲರ್ ಮಾಡಿ, ಹೋಲಿಸಿದರೆ ಸಂಖ್ಯೆ ಸಿಕ್ಕಿಬಿಡಬಹುದು. ಹೈಲೈಟರ್ ಬಳಿದರೂ ಹೊಳಪು ಹೆಚ್ಚಿಸಿದಾಗ ಕೆಳಗಿನದು ಕಾಣಬಹುದು.

ಅಚ್ಚಗಪ್ಪು ಚೌಕದಿಂದ ಸಂಖ್ಯೆಯನ್ನು ಅಂಚು ಮೀರಿ ಮುಚ್ಚಿ. ಆಮೇಲೆ ಆ ಚಿತ್ರದ್ದೇ ಹೊಸ ಸ್ಕ್ರೀನ್‌ಶಾಟ್ ತೆಗೆದು, ಅದನ್ನು ಕಳಿಸಿ. ಏಕೆಂದರೆ ತಿದ್ದಿದ ಫೈಲಿನಲ್ಲಿ ಹಳೆಯದು ಉಳಿದಿರಬಹುದು: ಪಿಕ್ಸೆಲ್ ಫೋನುಗಳಲ್ಲಿ ಕತ್ತರಿಸಿದ ಚಿತ್ರದ ಫೈಲಿನೊಳಗೆ ಹಳೆಯ ಭಾಗ ಉಳಿದುಕೊಳ್ಳುತ್ತಿದ್ದುದು 2023ರಲ್ಲಿ ಬಯಲಾಗಿತ್ತು. ಹೀಗೆಯೇ ಬ್ಲರ್ ಮಾಡಿದ ಪಾಸ್‌ವರ್ಡ್ ಇರುವ ಚಿತ್ರವನ್ನು ಈಗಾಗಲೇ ಯಾರಿಗಾದರೂ ಕಳಿಸಿದ್ದರೆ, ಆ ಪಾಸ್‌ವರ್ಡನ್ನು ಇವತ್ತೇ ಬದಲಿಸಿ.