ಹುಳುಕಡ್ಡಿ: ಚರ್ಮವನ್ನು ಒಣಗಿಸಿಡುವುದು, ಮುಲಾಮಿನ ಸರಿಯಾದ ಬಳಕೆ ಹಾಗೂ ಟವೆಲ್ಲುಗಳ ಮೂಲಕ ಹರಡದಂತೆ ತಡೆಯುವುದು

ಹುಳುಕಡ್ಡಿ ಎಂದರೇನು?

ಹುಳುಕಡ್ಡಿ ಅಥವಾ ಗಜಕರ್ಣವು ಶಿಲೀಂಧ್ರದಿಂದ ಉಂಟಾಗುವ ಚರ್ಮರೋಗ. ಹೆಸರಿನಲ್ಲಿ ಹುಳುವಿದ್ದರೂ ಈ ರೋಗಕ್ಕೆ ಯಾವ ಹುಳುವೂ ಕಾರಣವಲ್ಲ. ಚರ್ಮದ ಹೊರಪದರ, ಕೂದಲು ಮತ್ತು ಉಗುರುಗಳಲ್ಲಿರುವ ಕೆರಾಟಿನ್ ಎಂಬ ವಸ್ತುವನ್ನು ಆಹಾರವಾಗಿಸಿಕೊಂಡು ಬೆಳೆಯುವ ಸೂಕ್ಷ್ಮ ಬೂಷ್ಟು ಇದಕ್ಕೆ ಕಾರಣವಾಗಿದೆ.

ಆರಂಭದಲ್ಲಿ ಚಿಕ್ಕ ಕೆಂಪು ಗುಳ್ಳೆಯೊಂದು ಕಾಣಿಸಿಕೊಳ್ಳುತ್ತದೆ. ಶಿಲೀಂಧ್ರವು ಆ ಬಿಂದುವಿನಿಂದ ಎಲ್ಲಾ ದಿಕ್ಕುಗಳಿಗೂ ಸಮನಾಗಿ ಹರಡುವುದರಿಂದ ಮಚ್ಚೆಯು ಉಂಗುರದ ಆಕಾರವನ್ನು ಪಡೆಯುತ್ತದೆ. ಉಂಗುರದ ಅಂಚು ಸ್ವಲ್ಪ ಉಬ್ಬಿಕೊಂಡು, ಕೆಂಪಾಗಿ, ಹೊಟ್ಟಿನಂತಹ ಪದರಗಳಿಂದ ಕೂಡಿರುತ್ತದೆ. ನಡುಭಾಗವು ವಾಸಿಯಾದಂತೆ ತೋರುತ್ತದೆ. ಶಿಲೀಂಧ್ರವು ಮುಖ್ಯವಾಗಿ ಈ ಅಂಚಿನಲ್ಲಿಯೇ ಇರುತ್ತದೆ ಎಂಬುದನ್ನು ಗಮನದಲ್ಲಿಡಬೇಕು. ಚಿಕಿತ್ಸೆಯ ಕ್ರಮವು ಇದನ್ನೇ ಅವಲಂಬಿಸಿದೆ.

ತೊಡೆಯ ಸಂದು, ಸೊಂಟದ ಸುತ್ತ, ಪೃಷ್ಠ, ಕಂಕುಳು ಮತ್ತು ಸ್ತ್ರೀಯರಲ್ಲಿ ಸ್ತನಗಳ ಕೆಳಭಾಗ ಇವು ಹುಳುಕಡ್ಡಿ ಹೆಚ್ಚಾಗಿ ಕಾಣಿಸಿಕೊಳ್ಳುವ ಸ್ಥಳಗಳು. ತುರಿಕೆಯು ಇದರ ಪ್ರಮುಖ ಲಕ್ಷಣ. ಮಚ್ಚೆಯಲ್ಲಿ ತುರಿಕೆ ಇಲ್ಲದೆ, ಮುಟ್ಟಿದರೆ ಸ್ಪರ್ಶಜ್ಞಾನ ಕಡಿಮೆ ಎನಿಸಿದಲ್ಲಿ ಅದು ಕುಷ್ಠರೋಗದ ಲಕ್ಷಣವಾಗಿರಬಹುದು. ಅಂತಹ ಮಚ್ಚೆಗೆ ಯಾವುದೇ ಮುಲಾಮು ಹಚ್ಚದೆ ಕೂಡಲೇ ವೈದ್ಯರಿಗೆ ತೋರಿಸಬೇಕು.

ಚರ್ಮವನ್ನು ಒಣಗಿಸಿಡುವುದು ಏಕೆ ಅಗತ್ಯ?

ಶಿಲೀಂಧ್ರದ ಬೆಳವಣಿಗೆಗೆ ಶಾಖ ಮತ್ತು ತೇವ ಅನುಕೂಲಕರ. ಬೆವರಿನಿಂದ ನೆನೆದ ಹೊರಚರ್ಮವು ಮೆತ್ತಗಾಗಿ, ಉಜ್ಜುವಿಕೆಯಿಂದ ಸುಲಭವಾಗಿ ತರಚುತ್ತದೆ. ಆಗ ಶಿಲೀಂಧ್ರಕ್ಕೆ ಒಳಸೇರಲು ದಾರಿಯಾಗುತ್ತದೆ. ಮಳೆಗಾಲದಲ್ಲಿ ಹಾಗೂ ಕರಾವಳಿಯಂತಹ ಸೆಕೆಯ ಪ್ರದೇಶಗಳಲ್ಲಿ ಈ ರೋಗವು ಹೆಚ್ಚಾಗಲು ಇದೇ ಕಾರಣ.

ಸ್ನಾನದ ನಂತರ ಚರ್ಮದ ಮಡಿಕೆಗಳನ್ನು ಬಿಡಿಸಿ, ಬಟ್ಟೆಯನ್ನು ಒತ್ತಿ ನೀರನ್ನು ಹೀರಿಸಬೇಕು. ಬಲವಾಗಿ ಉಜ್ಜಬಾರದು. ಮೈಯ ಉಳಿದ ಭಾಗಗಳನ್ನು ಮೊದಲು ಒರೆಸಿ, ರೋಗವಿರುವ ಭಾಗವನ್ನು ಕೊನೆಯಲ್ಲಿ ಬೇರೆ ಚಿಕ್ಕ ಬಟ್ಟೆಯಿಂದ ಒರೆಸಿಕೊಳ್ಳುವುದು ಉತ್ತಮ. ಅನಂತರ ಕೆಲವು ನಿಮಿಷ ಗಾಳಿಯಾಡಲು ಬಿಟ್ಟು ಬಟ್ಟೆ ಧರಿಸಬೇಕು. ಬಿಗಿಯಾದ ಜೀನ್ಸ್ ಮತ್ತು ನೈಲಾನ್ ಒಳಉಡುಪುಗಳ ಬದಲು ಸಡಿಲವಾದ ಹತ್ತಿಯ ಉಡುಪುಗಳನ್ನು ಬಳಸಬೇಕು. ಬೆವರಿನಿಂದ ಅಥವಾ ಮಳೆಯಿಂದ ನೆನೆದ ಉಡುಪನ್ನು ಮೈಮೇಲೆಯೇ ಒಣಗಲು ಬಿಡದೆ ಬದಲಾಯಿಸಬೇಕು.

ಸೊಂಟಕ್ಕೆ ಕಟ್ಟುವ ಉಡಿದಾರವನ್ನು ಅನೇಕರು ಗಮನಿಸುವುದಿಲ್ಲ. ನೆನೆದ ದಾರವು ದಿನವಿಡೀ ಚರ್ಮಕ್ಕೆ ಅಂಟಿಕೊಂಡಿರುತ್ತದೆ, ಉದುರಿದ ಪದರಗಳೂ ಅದರ ಎಳೆಗಳಲ್ಲಿ ಸಿಲುಕಿಕೊಳ್ಳುತ್ತವೆ. ಸೊಂಟದ ಸುತ್ತ ಹುಳುಕಡ್ಡಿ ಇರುವವರು ದಾರವನ್ನು ತೆಗೆದುಹಾಕಬೇಕು. ಪುನಃ ಧರಿಸಬೇಕೆನ್ನುವವರು ಪೂರ್ಣ ವಾಸಿಯಾದ ಮೇಲೆ ಹೊಸ ದಾರವನ್ನು ಧರಿಸಬಹುದು.

ಟಾಲ್ಕಂ ಪೌಡರ್ ಶಿಲೀಂಧ್ರವನ್ನು ನಾಶಪಡಿಸುವುದಿಲ್ಲ. ಅದು ಬೆವರಿನೊಂದಿಗೆ ಬೆರೆತು ಮಡಿಕೆಗಳಲ್ಲಿ ಗಟ್ಟಿಯಾಗಿ ಚರ್ಮವನ್ನು ಉಜ್ಜುತ್ತದೆ. ಆದುದರಿಂದ ಅದನ್ನು ಔಷಧಿಯ ಬದಲಾಗಿ ಬಳಸಬಾರದು.

ಮುಲಾಮನ್ನು ಹಚ್ಚುವ ಕ್ರಮ

ಕ್ಲೋಟ್ರಿಮಜೋಲ್ ಮುಲಾಮನ್ನು ಸಾಮಾನ್ಯವಾಗಿ ದಿನಕ್ಕೆ ಎರಡು ಬಾರಿ, ಲುಲಿಕೊನಜೋಲ್ ಮುಲಾಮನ್ನು ದಿನಕ್ಕೆ ಒಂದು ಬಾರಿ ಹಚ್ಚಲಾಗುತ್ತದೆ. ಔಷಧಿ ಯಾವುದೇ ಇರಲಿ, ಮೂರು ಅಂಶಗಳನ್ನು ಪಾಲಿಸಬೇಕು.

ಮೊದಲನೆಯದು ಹಚ್ಚುವ ಜಾಗ. ತುರಿಕೆಯಿರುವ ಕಡೆ ಮಾತ್ರ ಹಚ್ಚಿದರೆ ಸಾಲದು. ಕಣ್ಣಿಗೆ ಕಾಣುವ ಅಂಚಿನ ಆಚೆಗೂ ಶಿಲೀಂಧ್ರವು ಹಬ್ಬಿರುವುದರಿಂದ, ಅಂಚಿನಿಂದ ಸುಮಾರು 2 ಸೆಂ.ಮೀ. ಹೊರಗಿನ ಚರ್ಮದಿಂದ ಆರಂಭಿಸಿ ಒಳಮುಖವಾಗಿ ಹಚ್ಚಿಕೊಂಡು ಬರಬೇಕು. ಹಚ್ಚುವ ಮೊದಲು ಚರ್ಮ ಒಣಗಿರಬೇಕು. ಹಚ್ಚಿದ ನಂತರ ಕೈಗಳನ್ನು ಸೋಪಿನಿಂದ ತೊಳೆಯಬೇಕು.

ಎರಡನೆಯದು ಪ್ರಮಾಣ. ವಯಸ್ಕರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ ಆಗುತ್ತದೆ. ಬೆರಳುಗಳೂ ಸೇರಿದಂತೆ ಎರಡು ಅಂಗೈಗಳಷ್ಟು ಜಾಗಕ್ಕೆ ಇದು ಸಾಕಾಗುತ್ತದೆ.

ಮೂರನೆಯದು ಅವಧಿ. ತುರಿಕೆಯು ಕೆಲವೇ ದಿನಗಳಲ್ಲಿ ಕಡಿಮೆಯಾದರೂ ಶಿಲೀಂಧ್ರವು ಉಳಿದಿರುತ್ತದೆ. ಮಚ್ಚೆ ಪೂರ್ಣವಾಗಿ ಮಾಯವಾದ ನಂತರವೂ ಸುಮಾರು 2 ವಾರ ಮುಲಾಮನ್ನು ಮುಂದುವರಿಸಬೇಕು. ಅಂಚಿನ ಉಬ್ಬು, ಪದರ ಮತ್ತು ತುರಿಕೆ ಈ ಮೂರೂ ಇಲ್ಲವಾಗಿರುವುದೇ ವಾಸಿಯಾದ ಗುರುತು. ನಂತರ ಉಳಿಯುವ ಕಂದು ಬಣ್ಣದ ಕಲೆಯು ರೋಗವಲ್ಲ. ಅದು ತಾನಾಗಿಯೇ ನಿಧಾನವಾಗಿ ಮಾಸುತ್ತದೆ.

ಸ್ಟೀರಾಯ್ಡ್ ಬೆರೆತ ಮುಲಾಮುಗಳಿಂದ ಎಚ್ಚರಿಕೆ

ಮಾರುಕಟ್ಟೆಯಲ್ಲಿ ದೊರೆಯುವ ಕೆಲವು ಮುಲಾಮುಗಳಲ್ಲಿ ಶಿಲೀಂಧ್ರನಾಶಕದ ಜೊತೆಗೆ ಸ್ಟೀರಾಯ್ಡ್ ಬೆರೆತಿರುತ್ತದೆ. ಸ್ಟೀರಾಯ್ಡ್ ಚರ್ಮದ ಉರಿಯೂತವನ್ನು ಅಡಗಿಸುವುದರಿಂದ ಎರಡು ಮೂರು ದಿನಗಳಲ್ಲಿಯೇ ಕೆಂಪು ಮತ್ತು ತುರಿಕೆ ಇಳಿಯುತ್ತವೆ. ಆದರೆ ಶರೀರದ ರಕ್ಷಣಾ ಶಕ್ತಿಯೂ ಆ ಜಾಗದಲ್ಲಿ ಕುಂದುವುದರಿಂದ ಶಿಲೀಂಧ್ರವು ತಡೆಯಿಲ್ಲದೆ ಹಬ್ಬುತ್ತದೆ. ಹಚ್ಚುವುದನ್ನು ನಿಲ್ಲಿಸಿದೊಡನೆ ತುರಿಕೆಯು ಮೊದಲಿಗಿಂತ ಹೆಚ್ಚಾಗಿ ಮರುಕಳಿಸುತ್ತದೆ. ರೋಗಿಯು ಮತ್ತೆ ಅದೇ ಟ್ಯೂಬನ್ನು ಕೊಳ್ಳುತ್ತಾನೆ.

ಉಂಗುರದೊಳಗೆ ಮತ್ತೊಂದು ಉಂಗುರ ಮೂಡುವುದು, ಮಚ್ಚೆಯ ಅಂಚು ಅಸ್ಪಷ್ಟವಾಗಿ ಹರಡುವುದು, ತೊಡೆಯ ಸಂದಿನಲ್ಲಿ ಚರ್ಮವು ತೆಳುವಾಗಿ ಬಿರುಕಿನಂತಹ ಗೆರೆಗಳು ಬೀಳುವುದು ಇದರ ಲಕ್ಷಣಗಳು. ಈ ಗೆರೆಗಳು ಶಾಶ್ವತವಾಗಿ ಉಳಿಯುತ್ತವೆ. ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೆಟಾಮೆಥಸೋನ್, ಬೆಕ್ಲೋಮೆಥಸೋನ್, ಮೊಮೆಟಸೋನ್ ಇವುಗಳಲ್ಲಿ ಯಾವ ಹೆಸರಿದ್ದರೂ ಅದು ಸ್ಟೀರಾಯ್ಡ್ ಇರುವ ಮುಲಾಮು ಎಂದು ತಿಳಿಯಬೇಕು. 2018ರಲ್ಲಿ ಕೇಂದ್ರ ಸರ್ಕಾರವು ಇಂತಹ 14 ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಸಾಲಿಗೆ ಸೇರಿಸಿದೆ.

ಟವೆಲ್ಲು ಮತ್ತು ಬಟ್ಟೆಗಳ ಮೂಲಕ ಹರಡುವಿಕೆ

ಮಚ್ಚೆಯಿಂದ ಉದುರುವ ಪದರಗಳಲ್ಲಿ ಶಿಲೀಂಧ್ರದ ಬೀಜಕಣಗಳಿರುತ್ತವೆ. ಇವು ಬಟ್ಟೆಯ ಎಳೆಗಳಲ್ಲಿ ತಿಂಗಳುಗಟ್ಟಲೆ ಜೀವಂತವಾಗಿರಬಲ್ಲವು. ದಿನವೂ ಒದ್ದೆಯಾಗಿ, ಪೂರ್ಣವಾಗಿ ಒಣಗದೆ ಮತ್ತೆ ಮೈಗೆ ತಾಗುವ ಟವೆಲ್ಲು ಇವುಗಳಿಗೆ ತಕ್ಕ ಆಶ್ರಯವಾಗುತ್ತದೆ. ಸೋಂಕಿರುವ ವ್ಯಕ್ತಿಯು ತನ್ನದೇ ಟವೆಲ್ಲಿನಿಂದ ಸಂದಿನ ರೋಗವನ್ನು ಬೆನ್ನಿಗೂ ಮುಖಕ್ಕೂ ಹರಡಿಕೊಳ್ಳಬಹುದು.

ಮನೆಯ ಪ್ರತಿಯೊಬ್ಬರಿಗೂ ಬೇರೆ ಬಣ್ಣದ ಟವೆಲ್ಲು ಇರುವುದು ಸೂಕ್ತ. ರೋಗವಿರುವವರ ಟವೆಲ್ಲು, ಒಳಉಡುಪು ಮತ್ತು ಹಾಸಿಗೆಯ ಹೊದಿಕೆಗಳನ್ನು ಬೇರೆಯಾಗಿ ನೆನೆಸಿ ಒಗೆಯಬೇಕು. ಒಂದೇ ಬಕೆಟ್ಟಿನಲ್ಲಿ ತಣ್ಣೀರಿನಲ್ಲಿ ಎಲ್ಲರ ಬಟ್ಟೆಗಳನ್ನೂ ನೆನೆಸಿದರೆ ಬೀಜಕಣಗಳು ಇತರ ಬಟ್ಟೆಗಳಿಗೂ ಸೇರುತ್ತವೆ. ಬೀಜಕಣಗಳ ನಾಶಕ್ಕೆ ನೀರು ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿರಬೇಕು, ಅಂದರೆ ಕೈಯಿಡಲಾಗದಷ್ಟು ಬಿಸಿ. ಒಗೆದ ಬಟ್ಟೆಗಳನ್ನು ಒಳಭಾಗ ಹೊರಗೆ ಮಾಡಿ ಬಿಸಿಲಿನಲ್ಲಿ ಒಣಗಿಸಬೇಕು. ಬಿಸಿಲಿಲ್ಲದ ಮಳೆಗಾಲದಲ್ಲಿ ಹೊಲಿಗೆ ಮತ್ತು ಎಲಾಸ್ಟಿಕ್ ಪಟ್ಟಿಯ ಭಾಗಗಳನ್ನು ಇಸ್ತ್ರಿ ಮಾಡಿ ಒಣಗಿಸಬಹುದು.

ಒಂದು ಉದಾಹರಣೆ

ಮಲೆನಾಡಿನ ಒಂದು ಮನೆಯಲ್ಲಿ ನಾಲ್ವರು ವಾಸವಿದ್ದಾರೆ ಎಂದು ಭಾವಿಸೋಣ. ಅಡಿಕೆ ತೋಟದಲ್ಲಿ ದುಡಿಯುವ ಯಜಮಾನನಿಗೆ ಜೂನ್ ತಿಂಗಳಲ್ಲಿ ಎರಡೂ ತೊಡೆಸಂದುಗಳಲ್ಲಿ ಹುಳುಕಡ್ಡಿ ಕಾಣಿಸಿಕೊಂಡಿತು. ಅಂಗಡಿಯಿಂದ ತಂದ, ಕ್ಲೋಬೆಟಸಾಲ್ ಬೆರೆತ ಮುಲಾಮನ್ನು ಹಚ್ಚಿದಾಗ ನಾಲ್ಕು ದಿನಗಳಲ್ಲಿ ತುರಿಕೆ ನಿಂತಿತು. ಮುಲಾಮು ಬಿಟ್ಟ ವಾರದೊಳಗೆ ರೋಗವು ಸೊಂಟದವರೆಗೆ ಹಬ್ಬಿತು. ಆಗಸ್ಟ್ ವೇಳೆಗೆ, ಅದೇ ಟವೆಲ್ಲನ್ನು ಬಳಸುತ್ತಿದ್ದ ಪತ್ನಿಯ ಸೊಂಟದಲ್ಲಿಯೂ ಮಗನ ಬೆನ್ನಿನಲ್ಲಿಯೂ ಉಂಗುರಗಳು ಮೂಡಿದವು.

ವೈದ್ಯರು ಮಚ್ಚೆಯ ಅಂಚಿನಿಂದ ಪದರವನ್ನು ಕೆರೆದು ತೆಗೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಶಿಲೀಂಧ್ರದ ಎಳೆಗಳು ಕಂಡುಬಂದವು. ಸ್ಟೀರಾಯ್ಡ್ ಮುಲಾಮನ್ನು ನಿಲ್ಲಿಸಿ, ನುಂಗುವ ಮಾತ್ರೆಯೊಂದಿಗೆ ಕ್ಲೋಟ್ರಿಮಜೋಲ್ ಮುಲಾಮನ್ನು ದಿನಕ್ಕೆ ಎರಡು ಬಾರಿ ಹಚ್ಚಲು ಸೂಚಿಸಿದರು. ಮೊದಲ ಕೆಲವು ದಿನ ತುರಿಕೆ ಹೆಚ್ಚಬಹುದೆಂದೂ, ಆಗ ಹಳೆಯ ಟ್ಯೂಬಿಗೆ ಮರಳಬಾರದೆಂದೂ ತಿಳಿಸಿದರು.

ರೋಗವಿದ್ದ ಜಾಗವು, ಹೊರ ಅಂಚಿನ 2 ಸೆಂ.ಮೀ. ಸೇರಿ, ನಾಲ್ಕು ಅಂಗೈಗಳಷ್ಟಿತ್ತು. ಇದಕ್ಕೆ ಒಂದು ಬಾರಿಗೆ 1 ಗ್ರಾಂ, ದಿನಕ್ಕೆ 2 ಗ್ರಾಂ, 4 ವಾರಗಳಿಗೆ 56 ಗ್ರಾಂ ಮುಲಾಮು ಬೇಕಾಗುತ್ತದೆ. ಅಂದರೆ 15 ಗ್ರಾಂ ಟ್ಯೂಬುಗಳು ನಾಲ್ಕು ಬೇಕು. ಒಂದೇ ಟ್ಯೂಬು ತಿಂಗಳಿಡೀ ಬಂದಿದ್ದರೆ ಅಗತ್ಯದ ಕಾಲು ಭಾಗ ಮಾತ್ರ ಹಚ್ಚಿದಂತಾಯಿತು. ಔಷಧಿ ಫಲಿಸಲಿಲ್ಲವೆಂಬ ಅನೇಕ ದೂರುಗಳ ಹಿಂದೆ ಇದೇ ಲೆಕ್ಕವಿರುತ್ತದೆ.

ಪತ್ನಿ ಮತ್ತು ಮಗನಿಗೂ ಅದೇ ಸಮಯದಲ್ಲಿ ಚಿಕಿತ್ಸೆ ಆರಂಭಿಸಿ, ಟವೆಲ್ಲುಗಳನ್ನು ಬೇರ್ಪಡಿಸಲಾಯಿತು. ಒಬ್ಬರಿಗೆ ಮಾತ್ರ ಚಿಕಿತ್ಸೆ ನೀಡಿದ್ದಲ್ಲಿ ಉಳಿದವರಿಂದ ಸೋಂಕು ಮರಳಿ ಬರುತ್ತಿತ್ತು.

ವೈದ್ಯರನ್ನು ಯಾವಾಗ ಕಾಣಬೇಕು?

ತಲೆ ಅಥವಾ ಉಗುರಿನಲ್ಲಿ ಹುಳುಕಡ್ಡಿ ಇದ್ದಾಗ ಮುಲಾಮು ಮಾತ್ರ ಸಾಲದು. ಕೂದಲಿನ ಬುಡಕ್ಕೂ ಉಗುರಿನ ಒಳಪದರಕ್ಕೂ ಅದು ತಲುಪುವುದಿಲ್ಲ. ಅನೇಕ ಕಡೆ ಮಚ್ಚೆಗಳಿರುವವರು, ಮಧುಮೇಹಿಗಳು, ಗರ್ಭಿಣಿಯರು, ಚಿಕ್ಕ ಮಕ್ಕಳು ಹಾಗೂ ಮೊದಲೇ ಸ್ಟೀರಾಯ್ಡ್ ಮುಲಾಮು ಬಳಸಿದವರು ಆರಂಭದಲ್ಲಿಯೇ ವೈದ್ಯರನ್ನು ಕಾಣಬೇಕು. ಸರಿಯಾದ ಕ್ರಮದಲ್ಲಿ 2 ವಾರ ಹಚ್ಚಿದರೂ ಮಚ್ಚೆ ಹಬ್ಬುತ್ತಿದ್ದಲ್ಲಿ ಔಷಧಿಯನ್ನು ಬದಲಾಯಿಸಬೇಕಾಗಬಹುದು. ಭಾರತದಲ್ಲಿ ಈಗ ವ್ಯಾಪಕವಾಗಿರುವ ಟ್ರೈಕೊಫೈಟಾನ್ ಇಂಡೋಟಿನಿಯೆ ಎಂಬ ಶಿಲೀಂಧ್ರದ ಹಲವು ತಳಿಗಳಿಗೆ ಟರ್ಬಿನಾಫಿನ್ ಎಂಬ ಸಾಮಾನ್ಯ ಔಷಧಿಯು ನಾಟುವುದಿಲ್ಲ.

ನುಂಗುವ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ವೈದ್ಯರಲ್ಲಿಗೆ ಹೋಗುವಾಗ ಈವರೆಗೆ ಬಳಸಿದ ಎಲ್ಲಾ ಮುಲಾಮುಗಳ ಟ್ಯೂಬುಗಳನ್ನು ಖಾಲಿಯಾಗಿದ್ದರೂ ಜೊತೆಯಲ್ಲಿ ಒಯ್ಯಬೇಕು. ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಸಲಹೆ ಪಡೆಯಬಹುದು.